ನೆಟ್ ನಿಧಾನವಾದಾಗ ತಪ್ಪು ಯಾವ ಡಬ್ಬಿಯದು?

"ನೆಟ್ ಭಾಳ ಸ್ಲೋ ಆಗೇತ್ರಿ" ಎಂದು ಶಿರೂರಿನ ಮನೆಯೊಂದರಿಂದ ಕೇಬಲ್‌ನವರಿಗೆ ಫೋನ್ ಹೋದರೆ, ಅತ್ತಲಿಂದ ಬರುವ ಮೊದಲ ಉತ್ತರ ಸಾಮಾನ್ಯವಾಗಿ ಒಂದೇ: "ಮೋಡೆಮ್ ಒಮ್ಮೆ ಬಂದ್ ಮಾಡಿ ಚಾಲೂ ಮಾಡ್ರಿ." ಫೋನ್ ಮಾಡಿದವರು ಗೋಡೆಯ ಕಡೆ ನೋಡುತ್ತಾರೆ. ಅಲ್ಲಿ ಎರಡು ಡಬ್ಬಿಗಳಿವೆ. ಒಂದಕ್ಕೆ ತೆಳುವಾದ ಫೈಬರ್ ತಂತಿ ಬಂದು ಸೇರಿದೆ, ಇನ್ನೊಂದಕ್ಕೆ ಎರಡು ಆಂಟೆನಾ ಇವೆ. ಇವುಗಳಲ್ಲಿ ಮೋಡೆಮ್ ಯಾವುದು ಎಂದು ಕೇಳಿದರೆ ಸರಿಯಾದ ಉತ್ತರ: ಎರಡೂ ಅಲ್ಲ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಕಡೆ ಈಗ ಫೈಬರ್ ಬಂದಿರುವ ಬಹುತೇಕ ಮನೆಗಳಲ್ಲಿ ಹಳೆಯ ಅರ್ಥದ ಮೋಡೆಮ್ ಇಲ್ಲವೇ ಇಲ್ಲ. ಹೆಸರು ಮಾತ್ರ ಉಳಿದುಕೊಂಡು ಎಲ್ಲ ಡಬ್ಬಿಗಳಿಗೂ ಅಂಟಿದೆ.

ಹೆಸರು ಹೇಗೇ ಇರಲಿ, ಡಬ್ಬಿಗಳ ಕೆಲಸ ಬೇರೆ ಬೇರೆ. ಅವು ಕೆಡುವ ಬಗೆ ಬೇರೆ, ಕೆಟ್ಟಾಗ ನೆಟ್ ನಿಧಾನವಾಗುವ ರೀತಿಯೂ ಬೇರೆ. ಆ ರೀತಿಯನ್ನು ಗುರುತಿಸಿದರೆ ಹೊಸ ರೂಟರಿಗೆ ಎರಡು ಸಾವಿರ ಸುರಿಯಬೇಕೋ, ಲೈನ್‌ಮನ್‌ನನ್ನು ಕರೆಸಬೇಕೋ, ಡಬ್ಬಿಯನ್ನು ಬೇರೆ ಕಡೆ ಇಟ್ಟರೆ ಸಾಕೋ ಎಂಬುದು ಮೊದಲೇ ತಿಳಿಯುತ್ತದೆ.

ಮೋಡೆಮ್: ತಾಮ್ರದ ಕಾಲದ ಡಬ್ಬಿ

ಬಿಎಸ್‌ಎನ್‌ಎಲ್ 2005ರ ಜನವರಿಯಲ್ಲಿ ಡೇಟಾಒನ್ ಹೆಸರಿನಲ್ಲಿ ಬ್ರಾಡ್‌ಬ್ಯಾಂಡ್ ಆರಂಭಿಸಿದಾಗ ನೆಟ್ ಬಂದದ್ದು ದೂರವಾಣಿಯ ತಾಮ್ರದ ತಂತಿಯಲ್ಲಿ. ಮಾತು ಮತ್ತು ಡೇಟಾ ಒಂದೇ ಜೋಡಿ ತಂತಿಯಲ್ಲಿ ಬೇರೆ ಬೇರೆ ಕಂಪನಗಳ ಮೇಲೆ ಸಾಗುತ್ತಿದ್ದವು. ಆ ವಿದ್ಯುತ್ ಕಂಪನವನ್ನು ಕಂಪ್ಯೂಟರಿಗೆ ಬೇಕಾದ ಅಂಕಿಗಳಾಗಿ ಬಿಡಿಸುವುದು, ಇಲ್ಲಿಂದ ಹೋಗುವ ಅಂಕಿಗಳನ್ನು ಮತ್ತೆ ಕಂಪನವಾಗಿ ಹೊಸೆಯುವುದು ಮೋಡೆಮಿನ ಕೆಲಸ.

ತಾಮ್ರದ ತಂತಿಯಲ್ಲಿ ಸಂಕೇತ ದೂರ ಹೋದಷ್ಟೂ ಕುಗ್ಗುತ್ತದೆ. ಆ ತಂತ್ರಜ್ಞಾನದ ಸುಧಾರಿತ ರೂಪದಲ್ಲೂ ಎಕ್ಸ್‌ಚೇಂಜಿಗೆ ಒಂದು ಕಿಲೋಮೀಟರ್ ಒಳಗಿರುವ ಮನೆಗೆ 20 ಎಂಬಿಪಿಎಸ್ ಆಸುಪಾಸು ಸಿಕ್ಕರೆ, ಐದು ಕಿಲೋಮೀಟರ್ ಆಚೆಯ ತೋಟದ ಮನೆಗೆ ಒಂದೋ ಎರಡೋ ಸಿಗುತ್ತಿತ್ತು. ಆದ್ದರಿಂದ ಮೋಡೆಮ್ ಇರುವ ಮನೆಯ ನಿಧಾನಕ್ಕೆ ಒಂದು ಗುರುತಿದೆ: ಅದು ಹಗಲು ರಾತ್ರಿ ಒಂದೇ ಸಮನೆ ಇರುತ್ತದೆ, ಮನೆಯ ಯಾವ ಮೂಲೆಯಲ್ಲಿ ಕುಳಿತರೂ ಬದಲಾಗುವುದಿಲ್ಲ. ಮಳೆ ಬಂದರೆ ಮಾತ್ರ ಇನ್ನಷ್ಟು ಕೆಡುತ್ತದೆ. ತಂತಿಯ ಜೋಡಣೆಯೊಳಗೆ ನೀರು ಇಳಿದಾಗ ಗದ್ದಲ ಹೆಚ್ಚಿ, ಮೋಡೆಮ್ ಸಂಪರ್ಕ ಕಳೆದುಕೊಂಡು ಮತ್ತೆ ಕಡಿಮೆ ವೇಗಕ್ಕೆ ಒಪ್ಪಿಕೊಳ್ಳುತ್ತದೆ. ಇದನ್ನು ಪತ್ತೆ ಮಾಡಲು ಯಾವ ಉಪಕರಣವೂ ಬೇಡ. ಅದೇ ಲೈನಿನ ದೂರವಾಣಿ ಎತ್ತಿ ಕಿವಿಗಿಟ್ಟುಕೊಂಡಾಗ ಕರಕರ ಸದ್ದು ಕೇಳಿದರೆ ತಪ್ಪು ತಂತಿಯದು. ಮೋಡೆಮ್ ಬದಲಿಸಿ ಪ್ರಯೋಜನವಿಲ್ಲ.

ಮೋಡೆಮಿಗೆ ಇನ್ನೊಂದು ರೂಪ ಈಚೆಗೆ ಬಂದಿದೆ. 2023ರಲ್ಲಿ ಏರ್‌ಟೆಲ್ ಮತ್ತು ಜಿಯೋ ಶುರು ಮಾಡಿದ ಏರ್‌ಫೈಬರ್ ಸೇವೆಯಲ್ಲಿ ಮಾಳಿಗೆಯ ಮೇಲೆ ಕೂಡಿಸುವ ಬಿಳಿ ಪೆಟ್ಟಿಗೆ 5ಜಿ ಸಂಕೇತವನ್ನು ಹಿಡಿದು ಬಿಡಿಸುತ್ತದೆ. ಹೆಸರಿನಲ್ಲಿ ಫೈಬರ್ ಇದ್ದರೂ ಅದು ಕೆಲಸದಲ್ಲಿ ಮೋಡೆಮ್. ಅಲ್ಲಿ ನಿಧಾನಕ್ಕೆ ಕಾರಣ ಟವರಿನ ದಿಕ್ಕು, ನಡುವಿನ ಅಡೆತಡೆ ಮತ್ತು ಟವರಿನ ಮೇಲಿನ ಜನಸಂದಣಿ.

ಫೈಬರ್ ಡಬ್ಬಿ: ಬೆಳಕು ಇದೆ ಅಥವಾ ಇಲ್ಲ

ಫೈಬರ್ ಮನೆಯಲ್ಲಿ ಮೋಡೆಮಿನ ಜಾಗದಲ್ಲಿ ಕೂತಿರುವುದು ಫೈಬರ್ ಟರ್ಮಿನಲ್ ಡಬ್ಬಿ. ಕೇಬಲ್‌ನವರು ಇದನ್ನು ಓಎನ್‌ಟಿ ಅಥವಾ ಓಎನ್‌ಯು ಎನ್ನುತ್ತಾರೆ. ಭಾರತ್‌ನೆಟ್ ಯೋಜನೆಯಲ್ಲಿ ಗ್ರಾಮ ಪಂಚಾಯಿತಿ ಕಚೇರಿಗಳಿಗೆ ಬಂದದ್ದೂ ಇದೇ ಜಾತಿಯ ಡಬ್ಬಿ. ಗಾಜಿನ ಎಳೆಯಲ್ಲಿ ಬರುವ ಬೆಳಕಿನ ಮಿಣುಕನ್ನು ವಿದ್ಯುತ್ ಸಂಕೇತವಾಗಿ ಬದಲಿಸುವುದು ಇದರ ಕೆಲಸ. ಹಸಿರು ತುದಿಯ ಚೌಕಾಕಾರದ ಕನೆಕ್ಟರ್ ಯಾವ ಡಬ್ಬಿಗೆ ಚುಚ್ಚಿದೆಯೋ ಅದೇ ಫೈಬರ್ ಡಬ್ಬಿ.

ಬೆಳಕು ಬರುವ ದಾರಿಯನ್ನು ಸ್ವಲ್ಪ ನೋಡಬೇಕು. ಸೇವೆ ಕೊಡುವವರ ಕೇಂದ್ರದಿಂದ ಹೊರಟ ಒಂದೇ ಎಳೆಯನ್ನು ಕಂಬದ ಮೇಲಿನ ಸ್ಪ್ಲಿಟರ್ 32 ಅಥವಾ 64 ಮನೆಗಳಿಗೆ ಹಂಚುತ್ತದೆ. ಈ ಹಂಚಿಕೆಗೆ ಯಾವ ಕರೆಂಟೂ ಬೇಡ, ಬೆಳಕು ಕವಲೊಡೆಯುತ್ತದೆ ಅಷ್ಟೇ. ಆದರೆ ಪ್ರತಿ ಕವಲಿನಲ್ಲೂ ಅದು ತೆಳುವಾಗುತ್ತದೆ. ಡಬ್ಬಿಗೆ ಬಂದು ಮುಟ್ಟುವ ಬೆಳಕನ್ನು ಡಿಬಿಎಂ ಎಂಬ ಅಳತೆಯಲ್ಲಿ ಮೈನಸ್ ಅಂಕಿಯಾಗಿ ಹೇಳುತ್ತಾರೆ. ಮೈನಸ್ 18 ಚಲೋ, ಮೈನಸ್ 24 ಪರವಾಗಿಲ್ಲ, ಮೈನಸ್ 27 ದಾಟಿದರೆ ಸಾಮಾನ್ಯವಾಗಿ ಬಳಸುವ ಡಬ್ಬಿಗಳು ಓದಲು ತಡವರಿಸುತ್ತವೆ. ಮೂರು ಅಂಕಿ ಕುಸಿದರೆ ಬೆಳಕು ಅರ್ಧಕ್ಕೆ ಇಳಿದಿದೆ ಎಂದರ್ಥ.

ಈ ಅಂಕಿಯನ್ನು ಲೆಕ್ಕ ಹಾಕಿಯೂ ಊಹಿಸಬಹುದು. ಕೇಂದ್ರದಿಂದ ಪ್ಲಸ್ 3ರಲ್ಲಿ ಬೆಳಕು ಹೊರಟಿತು ಎನ್ನೋಣ. 32 ಮನೆಗಳ ಹಂಚಿಕೆಯಲ್ಲಿ ಸುಮಾರು 17 ಕಳೆಯುತ್ತದೆ. ಎಂಟು ಕಿಲೋಮೀಟರ್ ಗಾಜಿನ ಎಳೆ ಮೂರರಷ್ಟು ತಿನ್ನುತ್ತದೆ. ಜೋಡಣೆಗಳಲ್ಲಿ ಎರಡು ಹೋದರೆ ಮನೆಗೆ ಉಳಿಯುವುದು ಮೈನಸ್ 19. ಅಲ್ಲಿ ಮೈನಸ್ 26 ತೋರಿಸುತ್ತಿದ್ದರೆ ದಾರಿಯಲ್ಲಿ ಎಲ್ಲೋ ಏಳು ಅಂಕಿ ಸೋರಿದೆ, ಅಂದರೆ ಬರಬೇಕಾದ ಬೆಳಕಿನ ಐದನೇ ಒಂದು ಭಾಗ ಮಾತ್ರ ಬರುತ್ತಿದೆ. ಕಾರಣ ಹೆಚ್ಚಾಗಿ ಮನೆಯ ಹತ್ತಿರವೇ ಇರುತ್ತದೆ: ಕಿಟಕಿಯ ಚೌಕಟ್ಟಿನಲ್ಲಿ ಸಿಕ್ಕಿ ಹಿಂಡಿಹೋದ ತಂತಿ, ಮೊಳೆಗೆ ಬಿಗಿಯಾಗಿ ಸುತ್ತಿದ ಸುರುಳಿ, ಧೂಳು ಕೂತ ಕನೆಕ್ಟರ್ ತುದಿ.

ಇಲ್ಲಿ ಒಂದು ಮಾತು ಬಹಳ ಜನರಿಗೆ ಗೊತ್ತಿಲ್ಲ. ಬೆಳಕು ಅರ್ಧವಾದರೆ ವೇಗ ಅರ್ಧವಾಗುವುದಿಲ್ಲ. ಮೈನಸ್ 17ರಲ್ಲೂ ಮೈನಸ್ 24ರಲ್ಲೂ 100 ಎಂಬಿಪಿಎಸ್ ಪ್ಲಾನ್ 100ನ್ನೇ ಕೊಡುತ್ತದೆ. ತಾಮ್ರದ ಮೋಡೆಮಿನಂತೆ ಫೈಬರ್ ಡಬ್ಬಿ ಕಡಿಮೆ ವೇಗಕ್ಕೆ ಒಪ್ಪಂದ ಮಾಡಿಕೊಳ್ಳುವುದಿಲ್ಲ. ಮಿತಿಯ ಅಂಚಿಗೆ ಬಂದಾಗ ಮಾತ್ರ ತಪ್ಪುಗಳು ಶುರುವಾಗುತ್ತವೆ. ಆಗ ವಿಡಿಯೋ ಹತ್ತು ಸೆಕೆಂಡು ಓಡಿ ನಿಲ್ಲುತ್ತದೆ, ವಾಟ್ಸ್ಯಾಪ್ ಕರೆಯಲ್ಲಿ ಮಾತು ತುಂಡಾಗುತ್ತದೆ, ದಿನಕ್ಕೆ ಹಲವು ಬಾರಿ ಸಂಪರ್ಕವೇ ಕಡಿದು ತಾನಾಗಿ ಮರಳುತ್ತದೆ. ಇನ್ನೂ ಕುಸಿದರೆ ಎಲ್‌ಓಎಸ್ ಎಂಬ ಕೆಂಪು ದೀಪ ಹತ್ತಿ ನೆಟ್ ಪೂರ್ತಿ ನಿಲ್ಲುತ್ತದೆ. ಹೀಗೆ ಕಡಿಕಡಿದು ಬರುವುದು ಫೈಬರ್ ದಾರಿಯ ಗುರುತು. ದಿನವಿಡೀ ಒಂದೇ ಹದದಲ್ಲಿ ತೆವಳುವ ನೆಟ್ಟಿಗೆ ಈ ಡಬ್ಬಿಯನ್ನು ದೂರುವುದರಲ್ಲಿ ಸಾಮಾನ್ಯವಾಗಿ ಅರ್ಥವಿಲ್ಲ.

ಅಂಕಿಯನ್ನು ಮನೆಯವರೇ ನೋಡಬಹುದು. ಬ್ರೌಸರಿನಲ್ಲಿ `192.168.1.1` ಎಂದು ಒತ್ತಿ, ಡಬ್ಬಿಯ ಅಡಿಯಲ್ಲಿ ಅಚ್ಚಾಗಿರುವ ಹೆಸರು ಮತ್ತು ಪಾಸ್‌ವರ್ಡ್ ಕೊಟ್ಟರೆ, ಹಲವು ಡಬ್ಬಿಗಳಲ್ಲಿ `Optical` ಅಥವಾ `PON` ಎಂಬ ಪುಟದಲ್ಲಿ `Rx Power` ಎದುರಿಗೆ ಅದು ಕಾಣುತ್ತದೆ. ಕೆಲವು ಕಂಪನಿಗಳು ಈ ಪುಟಕ್ಕೆ ಬೀಗ ಹಾಕಿರುತ್ತವೆ. ಆಗ ಮನೆಗೆ ಬಂದ ಲೈನ್‌ಮನ್‌ಗೆ "ಪವರ್ ಎಷ್ಟ ಬರಾಕತ್ತೈತಿ ನೋಡ್ರಿ" ಎಂದರೆ ಸಾಕು, ಅವರ ಜೇಬಿನಲ್ಲಿ ಅಳೆಯುವ ಮೀಟರ್ ಇರುತ್ತದೆ. ಹಸಿರು ಕನೆಕ್ಟರನ್ನು ಮಾತ್ರ ಮನೆಯವರು ಕೀಳಬಾರದು. ಬೆರಳು ತಾಗಿದ ಗಾಜಿನ ತುದಿಯಲ್ಲಿ ಬೆಳಕು ಸೋರುತ್ತದೆ. ಅದರೊಳಗಿನ ಕಿರಣ ಕಣ್ಣಿಗೆ ಕಾಣದು, ಹಾಗಾಗಿ ಇಣುಕಿ ನೋಡುವುದೂ ತರವಲ್ಲ.

ಕೆಂಪು ದೀಪ ಹತ್ತಿದಾಗ ಪಕ್ಕದ ಮನೆಯವರನ್ನು ಒಮ್ಮೆ ವಿಚಾರಿಸಬೇಕು. ಹೆಸ್ಕಾಂ ಕರೆಂಟ್ ಹೋಗಿ, ಮನೆಯ ಡಬ್ಬಿ ಸಣ್ಣ ಯುಪಿಎಸ್ ಮೇಲೆ ಬದುಕಿದ್ದರೂ, ಕೇಂದ್ರದ ಬ್ಯಾಟರಿ ಮುಗಿದಿದ್ದರೆ ಓಣಿಯ ಎಲ್ಲ ಡಬ್ಬಿಗಳಲ್ಲೂ ಕೆಂಪು ದೀಪ ಹತ್ತುತ್ತದೆ. ಒಂದೇ ಮನೆಯಲ್ಲಿ ಹತ್ತಿದ್ದರೆ ತಪ್ಪು ಕಂಬದಿಂದ ಮನೆವರೆಗಿನ ತಂತಿಯಲ್ಲಿ.

ರೂಟರ್: ಬಹುಪಾಲು ದೂರುಗಳ ಮೂಲ

ಫೈಬರ್ ಡಬ್ಬಿ ಕೊಟ್ಟ ಒಂದೇ ಸಂಪರ್ಕವನ್ನು ಮನೆಯ ಹತ್ತಾರು ಮೊಬೈಲು, ಟಿವಿ, ಕ್ಯಾಮೆರಾಗಳಿಗೆ ಹಂಚುವುದು ರೂಟರ್. ವೈಫೈ ಹೊರಡುವುದು ಇಲ್ಲಿಂದಲೇ. ಈಚಿನ ಹಲವು ಸಂಪರ್ಕಗಳಲ್ಲಿ ಫೈಬರ್ ಡಬ್ಬಿ ಮತ್ತು ರೂಟರ್ ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ಕೂಡಿಸಿರುತ್ತಾರೆ. ಹಸಿರು ಕನೆಕ್ಟರೂ ಆಂಟೆನಾವೂ ಒಂದಕ್ಕೇ ಇದ್ದರೆ ಅದು ಜೋಡಿ ಡಬ್ಬಿ. ಆದರೂ ಒಳಗೆ ಎರಡು ಕೆಲಸಗಳು ಬೇರೆಯೇ ನಡೆಯುತ್ತವೆ, ಕೆಡುವುದೂ ಬೇರೆ ಬೇರೆಯಾಗಿ.

ರೂಟರಿನ ನಿಧಾನಕ್ಕೆ ಮೊದಲ ಗುರುತು, ಅದು ಜಾಗದಿಂದ ಜಾಗಕ್ಕೆ ಬದಲಾಗುತ್ತದೆ. ಡಬ್ಬಿಯ ಮುಂದೆ ಓಡುವ ವಿಡಿಯೋ ಅಡುಗೆಮನೆಯಲ್ಲಿ ಸುತ್ತುತ್ತದೆ. ರೂಟರ್ ಎರಡು ಬ್ಯಾಂಡುಗಳಲ್ಲಿ ಮಾತಾಡುತ್ತದೆ: 5 ಗಿಗಾಹರ್ಟ್ಸ್ ವೇಗದ್ದು, ಆದರೆ ಗೋಡೆ ದಾಟಲು ಸೋಲುತ್ತದೆ. 2.4 ಗಿಗಾಹರ್ಟ್ಸ್ ಇನ್ನಷ್ಟು ದೂರ ಹೋಗುತ್ತದೆ, ಆದರೆ ಸಾಮಾನ್ಯ ಮೊಬೈಲಿಗೆ ಅದರಲ್ಲಿ ಕೈಗೆ ಸಿಗುವುದು 30ರಿಂದ 40 ಎಂಬಿಪಿಎಸ್. ಮೊಬೈಲ್ ಆ ಬ್ಯಾಂಡಿಗೆ ಅಂಟಿಕೊಂಡಿದ್ದರೆ 100ರ ಪ್ಲಾನ್ ಹಾಕಿಸಿದರೂ 200ರದ್ದು ಹಾಕಿಸಿದರೂ ಪರೀಕ್ಷೆಯಲ್ಲಿ ಕಾಣುವುದು ಅದೇ 35. ಪ್ಲಾನ್ ಏರಿಸಿದವರಿಗೆ "ಏನೂ ಫರಕ ಆಗಿಲ್ಲ" ಎನ್ನಿಸುವುದು ಇದರಿಂದಲೇ.

ಎರಡನೇ ಗುರುತು ತೊಂಬತ್ತರ ಗೋಡೆ. 200ರ ಪ್ಲಾನ್ ಇದ್ದು, ತಂತಿಯಲ್ಲಿ ಅಳೆದರೂ 94ರ ಆಸುಪಾಸಿಗೆ ನಿಂತುಬಿಟ್ಟರೆ ರೂಟರಿನ ಅಥವಾ ಫೈಬರ್ ಡಬ್ಬಿಯ ಪೋರ್ಟ್ 100 ಎಂಬಿಪಿಎಸ್ ಜಾತಿಯದು. ಇಲ್ಲವೇ ಎರಡು ಡಬ್ಬಿಗಳ ನಡುವಿನ ಗಿಡ್ಡ ತಂತಿಯ ಎಂಟು ಎಳೆಗಳಲ್ಲಿ ಒಂದೆರಡು ಕಡಿದಿವೆ. ತಂತಿ ಬದಲಿಸಿ ನೋಡುವುದು ಅಗ್ಗದ ಪರೀಕ್ಷೆ, ಮೊದಲು ಅದನ್ನೇ ಮಾಡಬೇಕು.

ಮೂರನೆಯದು ಈ ಸೀಮೆಗೆ ಹೆಚ್ಚು ಸಲ್ಲುವ ಗುರುತು. ಮನೆಬಳಕೆಯ ರೂಟರುಗಳನ್ನು ಸಾಮಾನ್ಯವಾಗಿ 40 ಡಿಗ್ರಿವರೆಗಿನ ಸುತ್ತಲಿನ ಬಿಸಿಗೆಂದು ತಯಾರಿಸುತ್ತಾರೆ. ಏಪ್ರಿಲ್, ಮೇ ತಿಂಗಳಲ್ಲಿ ಬಾಗಲಕೋಟೆ ಕಡೆಯ ತಗಡಿನ ಮಾಡಿನ ಕೆಳಗೆ ಮಧ್ಯಾಹ್ನದ ಬಿಸಿ ಆ ಮಿತಿಯನ್ನು ದಾಟಿಬಿಡುತ್ತದೆ. ಮಧ್ಯಾಹ್ನ ಸೊರಗಿ, ಬಂದ್ ಮಾಡಿ ಅರ್ಧ ಗಂಟೆ ಬಿಟ್ಟು ಚಾಲೂ ಮಾಡಿದರೆ ಚೇತರಿಸಿಕೊಳ್ಳುವ ರೂಟರಿಗೆ ಬೇಕಾಗಿರುವುದು ಗಾಳಿ.

ಇಳಕಲ್ಲಿನ ಸೀರೆ ವ್ಯಾಪಾರಿಗಳ ಹಾಗೆ ದಿನವಿಡೀ ಫೋಟೋ, ವಿಡಿಯೋ ಕಳಿಸುವವರಿಗೆ ಇನ್ನೊಂದು ಅನುಭವ ಇರುತ್ತದೆ. ಅಂಗಡಿಯಲ್ಲಿ ಒಬ್ಬರು ದೊಡ್ಡ ವಿಡಿಯೋ ಮೇಲೇರಿಸುತ್ತಿದ್ದಷ್ಟು ಹೊತ್ತು ಉಳಿದವರೆಲ್ಲರ ನೆಟ್ ಸತ್ತಂತಾಗುತ್ತದೆ. ಹೊರಹೋಗುವ ಡೇಟಾ ರೂಟರಿನಲ್ಲಿ ಸಾಲುಗಟ್ಟಿ ನಿಂತು, ಯುಪಿಐ ಹಣದ ಸಣ್ಣ ಸಂದೇಶವೂ ಅದರ ಹಿಂದೆ ಕಾಯಬೇಕಾಗುತ್ತದೆ. ರೂಟರಿನ ಪುಟದಲ್ಲಿ `QoS` ಎಂಬ ಆಯ್ಕೆ ಇದ್ದರೆ, ಮೇಲೇರುವ ವೇಗವನ್ನು ಪ್ಲಾನಿನ ಶೇ 90ಕ್ಕೆ ಮಿತಿಗೊಳಿಸಿದಾಗ ಈ ಕಾಯುವಿಕೆ ಬಹಳ ಮಟ್ಟಿಗೆ ತಗ್ಗುತ್ತದೆ.

ಒಂದು ಕಲ್ಲಿನ ಮನೆಯ ಲೆಕ್ಕ

ಶಿರೂರು, ಕಮತಗಿ, ಅಮೀನಗಡ ಕಡೆ ಈಗಲೂ ಇರುವಂಥ ಹಳೆಯ ಮನೆಯೊಂದನ್ನು ಮಾದರಿಗೆ ಇಟ್ಟುಕೊಳ್ಳೋಣ. ಮುಂದೆ ಪಡಸಾಲೆ, ಆಮೇಲೆ ನಡುಮನೆ, ಹಿಂದೆ ಅಡುಗೆಮನೆ. ಒಂದೂವರೆ ಎರಡು ಅಡಿ ದಪ್ಪದ ಕಲ್ಲಿನ ಗೋಡೆಗಳು. 100 ಎಂಬಿಪಿಎಸ್ ಪ್ಲಾನ್. ಜೋಡಿ ಡಬ್ಬಿಯನ್ನು ಪಡಸಾಲೆಯ ಗೋಡೆಯ ಮಾಡದಲ್ಲಿ ಇಟ್ಟಿದ್ದಾರೆ, ಪಕ್ಕದಲ್ಲಿ ಕಬ್ಬಿಣದ ತಿಜೋರಿ. ಹಿಂದಿನ ಕೋಣೆಯಲ್ಲಿ ಓದುವ ಮಗಳ ಆನ್‌ಲೈನ್ ಪಾಠ ನಿಂತು ನಿಂತು ಬರುತ್ತದೆ.

ಮೊದಲ ಅಳತೆ ತಂತಿಯಲ್ಲಿ ಆಗಬೇಕು. ಲ್ಯಾಪ್‌ಟಾಪನ್ನು ಡಬ್ಬಿಯ ಲ್ಯಾನ್ ಪೋರ್ಟಿಗೆ ತಂತಿಯಿಂದ ಜೋಡಿಸಿ, ಲ್ಯಾಪ್‌ಟಾಪಿನ ವೈಫೈ ಆರಿಸಿ, ವೇಗ ಪರೀಕ್ಷೆ ಮಾಡಿದಾಗ 94 ಬಂತು ಎನ್ನೋಣ. ಕಂಬ, ಫೈಬರ್, ಕಂಪನಿ ಎಲ್ಲರೂ ಅಲ್ಲಿಗೆ ಖುಲಾಸೆ. ಇನ್ನು ಮೊಬೈಲ್ ಹಿಡಿದು ಪಡಸಾಲೆಯಲ್ಲಿ ಅಳೆದರೆ 80, ನಡುಮನೆಯಲ್ಲಿ 20, ಅಡುಗೆಮನೆಯಲ್ಲಿ 3. ಒಂದೊಂದು ಗೋಡೆಯೂ ಮುಕ್ಕಾಲು ಪಾಲು ಅಥವಾ ಅದಕ್ಕಿಂತ ಹೆಚ್ಚು ನುಂಗಿದೆ. ಇಂಥ ಮನೆಗೆ ಲೈನ್‌ಮನ್ ಹತ್ತು ಬಾರಿ ಬಂದು ಹೋದರೂ ಅಡುಗೆಮನೆಯ 3 ಹಾಗೆಯೇ ಇರುತ್ತದೆ.

ಇದನ್ನೇ ಇನ್ನಷ್ಟು ಖಚಿತ ಮಾಡಿಕೊಳ್ಳಲು ಹಿಂದಿನ ಕೋಣೆಯಲ್ಲಿ ಕುಳಿತು, ವೈಫೈ ಮೇಲಿರುವ ಲ್ಯಾಪ್‌ಟಾಪಿನಲ್ಲಿ ಎರಡು ಆಜ್ಞೆ ಕೊಡಬಹುದು:

```
ping 192.168.1.1
ping 8.8.8.8
```

ಮೊದಲನೆಯದು ಮನೆಯ ರೂಟರನ್ನು ಮುಟ್ಟಿ ಬರುತ್ತದೆ, ಎರಡನೆಯದು ಹೊರಗಿನ ಸರ್ವರನ್ನು. ಮೊದಲನೆಯದೇ 2, 150, 9, 400 ಎಂದು ಕುಣಿದರೆ ಅಥವಾ `Request timed out` ಎಂದರೆ ತೊಂದರೆ ಮನೆಯೊಳಗಿನ ಗಾಳಿಯಲ್ಲಿ. ಮೊದಲನೆಯದು ಐದರೊಳಗೆ ಸ್ಥಿರವಾಗಿದ್ದು ಎರಡನೆಯದು ಮಾತ್ರ ಕುಣಿದರೆ ತೊಂದರೆ ರೂಟರಿನ ಆಚೆ.

ಪರಿಹಾರ ಮೂರು ಹಂತದ್ದು. ಡಬ್ಬಿಯನ್ನು ಮಾಡದಿಂದ ಹೊರಗೆ ತೆಗೆದು, ತಿಜೋರಿಯಿಂದ ದೂರ, ಬಾಗಿಲ ಎದುರಿಗೆ ಬರುವಂತೆ ಎತ್ತರದಲ್ಲಿಡುವುದು ಮೊದಲನೆಯದು. ಮಾಡದಲ್ಲಿ ಇಟ್ಟ ಡಬ್ಬಿಗೆ ಮೂರು ಕಡೆ ಕಲ್ಲು, ಒಂದು ಕಡೆ ಕಬ್ಬಿಣ. ಬಾಗಿಲ ದಾರಿ ಸಿಕ್ಕರೆ ನಡುಮನೆಯ 20 ನಲವತ್ತೋ ಐವತ್ತೋ ಆಗಬಹುದು.

ಅಡುಗೆಮನೆಗೆ ಅದು ಸಾಲದು. ಅಂಗಡಿಯವರು ಇಂಥ ಕಡೆ ವೈಫೈ ಹಿಗ್ಗಿಸುವ ಯಂತ್ರ ಅಥವಾ ಮೆಶ್ ಕೊಳ್ಳಲು ಹೇಳುತ್ತಾರೆ. ತಂತಿಯಿಲ್ಲದ ಮೆಶ್ ಕೂಡ ಅದೇ ಕಲ್ಲಿನ ಗೋಡೆಯ ಮೂಲಕವೇ ಮೊದಲ ಡಬ್ಬಿಯೊಂದಿಗೆ ಮಾತಾಡಬೇಕು. ಹಿಂದಿನ ಕೋಣೆಯಲ್ಲಿ ವೈಫೈ ಕಡ್ಡಿಗಳು ತುಂಬಿ ಕಾಣುತ್ತವೆ, ವೇಗ ಮಾತ್ರ ಅಷ್ಟಾಗಿ ಏರುವುದಿಲ್ಲ. ಆದ್ದರಿಂದ ಎರಡನೇ ಹಂತ, ಪಡಸಾಲೆಯಿಂದ ಅಡುಗೆಮನೆಗೆ ತೊಲೆಯ ಪಕ್ಕದಲ್ಲಿ ಒಂದು ಲ್ಯಾನ್ ತಂತಿ ಎಳೆಯುವುದು. ತಾಮ್ರದ ಕ್ಯಾಟ್ 6 ತಂತಿ 100 ಮೀಟರ್‌ವರೆಗೆ ವೇಗ ಕಳೆದುಕೊಳ್ಳದೆ ಓಡುತ್ತದೆ. ಮನೆಯೊಳಗಿನ ಹತ್ತು ಹದಿನೈದು ಮೀಟರ್ ಅದಕ್ಕೆ ಲೆಕ್ಕವಲ್ಲ.

ಮೂರನೇ ಹಂತದಲ್ಲಿ, ಅಟ್ಟದ ಮೇಲೆ ಬಿದ್ದಿರುವ ಹಳೆಯ ಬ್ರಾಡ್‌ಬ್ಯಾಂಡ್ ಮೋಡೆಮ್ ಮತ್ತೆ ಕೆಲಸಕ್ಕೆ ಬರುತ್ತದೆ, ಅದರಲ್ಲಿ ವೈಫೈ ಇದ್ದರೆ. ಅದನ್ನು ಒಂಟಿಯಾಗಿ ಲ್ಯಾಪ್‌ಟಾಪಿಗೆ ಜೋಡಿಸಿ, ಅದರ ಪುಟಕ್ಕೆ ಹೋಗಿ, ಅದರ ವಿಳಾಸವನ್ನು `192.168.1.2` ಎಂದು ಬದಲಿಸಬೇಕು. ಮುಖ್ಯ ಡಬ್ಬಿಯ ವಿಳಾಸವೇ ಇದಕ್ಕೂ ಉಳಿದರೆ ಎರಡೂ ಜಗಳಕ್ಕೆ ಬಿದ್ದು ನೆಟ್ ನಿಲ್ಲುತ್ತದೆ. ಆಮೇಲೆ `DHCP` ಎಂಬುದನ್ನು ಆರಿಸಬೇಕು, ಏಕೆಂದರೆ ಮೊಬೈಲುಗಳಿಗೆ ವಿಳಾಸ ಹಂಚುವ ಕೆಲಸ ಪಡಸಾಲೆಯ ಡಬ್ಬಿಯೊಂದೇ ಮಾಡಬೇಕು. ವೈಫೈ ಹೆಸರು, ಪಾಸ್‌ವರ್ಡ್ ಎರಡನ್ನೂ ಮುಂದಿನದರಂತೆಯೇ ಇಟ್ಟು, ಎಳೆದ ತಂತಿಯನ್ನು ಅದರ ಲ್ಯಾನ್ ಪೋರ್ಟಿಗೆ ಚುಚ್ಚಿದರೆ ಮುಗಿಯಿತು. ಫೋನ್ ತಂತಿಯ ತೂತು ಖಾಲಿಯೇ ಇರಲಿ. ಹಳೆಯ ಡಬ್ಬಿ 2.4 ಗಿಗಾಹರ್ಟ್ಸ್‌ನದಾದ್ದರಿಂದ ಅಡುಗೆಮನೆಯಲ್ಲಿ 30ರ ಸುತ್ತ ಸಿಗುತ್ತದೆ. ಆನ್‌ಲೈನ್ ಪಾಠಕ್ಕೆ ನಾಲ್ಕೈದು ಎಂಬಿಪಿಎಸ್ ಧಾರಾಳ.

ಯಾವ ಡಬ್ಬಿಯದೂ ಅಲ್ಲದ ನಿಧಾನ

ತಂತಿಯಲ್ಲೇ ಅಳೆದಾಗ ಬೆಳಿಗ್ಗೆ ಆರಕ್ಕೆ 94, ರಾತ್ರಿ ಒಂಬತ್ತಕ್ಕೆ 15 ಬಂದರೆ ಮನೆಯ ಡಬ್ಬಿಗಳನ್ನು ಬಿಟ್ಟುಬಿಡಬೇಕು. ಇದು ಗಡಿಯಾರ ನೋಡಿ ಬರುವ ನಿಧಾನ. ಕಾಲುವೆಯ ಮೇಲ್ಗಡೆ ಎಲ್ಲರೂ ಒಟ್ಟಿಗೆ ತೂಬು ಎತ್ತಿದಾಗ ಕೆಳಗಿನ ಹೊಲಕ್ಕೆ ಆಗುವುದೇ ಇಲ್ಲೂ ಆಗುತ್ತದೆ. ಹಾಗೆಂದು ಓಣಿಯ ಫೈಬರ್ ಎಳೆಯೇ ಕಿರಿದು ಎನ್ನುವಂತಿಲ್ಲ. ಈಗ ಹೆಚ್ಚು ಬಳಕೆಯಲ್ಲಿರುವ ಜಿಪಾನ್ ವ್ಯವಸ್ಥೆಯ ಒಂದು ಎಳೆ ಸೆಕೆಂಡಿಗೆ ಸುಮಾರು 2.5 ಗಿಗಾಬಿಟ್ ತರುತ್ತದೆ. 32 ಮನೆಯವರು ಒಂದೇ ಕ್ಷಣ ಪೂರ್ತಿ ಎಳೆದರೂ ತಲೆಗೆ 75 ಎಂಬಿಪಿಎಸ್‌ಗೂ ಮೇಲೆ ಬರುತ್ತದೆ. ಆದ್ದರಿಂದ 15ಕ್ಕೆ ಕುಸಿದಾಗ ಇಕ್ಕಟ್ಟು ಹೆಚ್ಚಾಗಿ ಅದರ ಹಿಂದಿನದು: ಊರಿನ ಕೇಂದ್ರದಿಂದ ದೊಡ್ಡ ಊರಿಗೆ ಹೋಗುವ, ಸೇವೆ ಕೊಡುವವರು ಬಾಡಿಗೆಗೆ ಪಡೆದ ಮುಖ್ಯ ಸಂಪರ್ಕ. ಅದನ್ನು ಹಿಗ್ಗಿಸುವುದು ಅವರ ಕೈಯಲ್ಲಿದೆ.

ದೂರು ಕೊಡುವಾಗ "ಸ್ಲೋ ಐತಿ" ಎಂದಷ್ಟೇ ಹೇಳಿದರೆ ಮತ್ತೆ ಬಂದ್ ಮಾಡಿ ಚಾಲೂ ಮಾಡುವ ಸಲಹೆಯೇ ಬರುತ್ತದೆ. ಮೂರು ದಿನ ಬೆಳಿಗ್ಗೆ ಮತ್ತು ರಾತ್ರಿ ತಂತಿಯಲ್ಲಿ ಅಳೆದ ವೇಗದ ಸ್ಕ್ರೀನ್‌ಶಾಟ್, ಆ ಹೊತ್ತಿನಲ್ಲಿ ಕೆಂಪು ದೀಪ ಇತ್ತೋ ಇಲ್ಲವೋ ಎಂಬ ಟಿಪ್ಪಣಿ, ಸಿಕ್ಕರೆ ಬೆಳಕಿನ ಡಿಬಿಎಂ ಅಂಕಿ, ಇವನ್ನು ಜೊತೆಗಿಟ್ಟು ದೂರಿನ ಸಂಖ್ಯೆ ಕೇಳಿ ಬರೆದುಕೊಳ್ಳಬೇಕು. ಅಂಕಿ ಮೈನಸ್ 27ರ ಹತ್ತಿರ ಇದ್ದರೆ ತಂತಿ ಮತ್ತು ಕನೆಕ್ಟರ್ ನೋಡಲು ಲೈನ್‌ಮನ್ ಬರಬೇಕು. ಅಂಕಿ ಚಲೋ ಇದ್ದು ರಾತ್ರಿ ಮಾತ್ರ ವೇಗ ಬೀಳುತ್ತಿದ್ದರೆ ಮನೆಗೆ ಯಾರೂ ಬರುವ ಅಗತ್ಯವಿಲ್ಲ, ದೂರು ಮುಖ್ಯ ಕಚೇರಿಯ ನೆಟ್‌ವರ್ಕ್ ವಿಭಾಗಕ್ಕೆ ಹೋಗಬೇಕು ಎಂದು ಸ್ಪಷ್ಟವಾಗಿ ಬರೆಸಬೇಕು.